ಶಾರ್ಟ್ಸ್ ವ್ಯೂ ಹೆಚ್ಚಾದರೂ ದುಡ್ಡು ಏಕೆ ಕಡಿಮೆ?

ಪ್ರಶ್ನೆ: ಕಿರು ವಿಡಿಯೋಗಳಿಗೆ ಲಕ್ಷಗಟ್ಟಲೆ ವ್ಯೂ ಬರುತ್ತವೆ, ಆದರೆ ಉದ್ದ ವಿಡಿಯೋಗಳೇ ಹೆಚ್ಚು ದುಡ್ಡು ತರುತ್ತವೆ. ಯಾಕೆ ಹೀಗೆ?

ಉದ್ದ ವಿಡಿಯೋದ ಲೆಕ್ಕ ಸರಳ. ಯೂಟ್ಯೂಬ್‌ನಲ್ಲಿ ನಿಮ್ಮ ವಿಡಿಯೋದ ಮೇಲೆ ಬಂದ ಜಾಹೀರಾತಿನ ಆದಾಯದಲ್ಲಿ 55% ನಿಮ್ಮದು. ನೂರು ಡಾಲರ್ ಬಂದರೆ 55 ನಿಮಗೆ. ಪಕ್ಕದ ಚಾನೆಲ್‌ನವರು ಎಷ್ಟು ವ್ಯೂ ಗಳಿಸಿದರೆಂಬುದು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಕಿರು ವಿಡಿಯೋಗಳಿಗೆ, ಅಂದರೆ ಶಾರ್ಟ್ಸ್‌ಗೆ, ಮೊದಲು ದುಡ್ಡು ಬರುತ್ತಿದ್ದದ್ದು ಬೋನಸ್ ನಿಧಿಯಿಂದ. ಅದು ಹಾಗಲ್ಲ. ಅಲ್ಲಿ ಕಂಪನಿ ಮೊದಲೇ ಒಂದು ಮೊತ್ತ ತೆಗೆದಿಟ್ಟು ಹಂಚುತ್ತದೆ. 2021ರಲ್ಲಿ ಯೂಟ್ಯೂಬ್ ಘೋಷಿಸಿದ ಶಾರ್ಟ್ಸ್ ಫಂಡ್ 10 ಕೋಟಿ ಡಾಲರ್‌ನದು. ಆಯ್ಕೆಯಾದವರಿಗೆ ತಿಂಗಳಿಗೆ 100ರಿಂದ 10,000 ಡಾಲರ್ ಸಿಗುತ್ತಿತ್ತು. ಇಂಥ ನಿಧಿಯನ್ನು ವ್ಯೂ ಲೆಕ್ಕದಲ್ಲಿ ಹಂಚಿದರೆ ಏನಾಗುತ್ತದೆ ನೋಡಿ. ತಿಂಗಳಿಗೆ 10 ಲಕ್ಷ ಡಾಲರ್, ಎಲ್ಲರ ವ್ಯೂ ಸೇರಿ 100 ಕೋಟಿ ಎಂದುಕೊಳ್ಳೋಣ. ಸಾವಿರ ವ್ಯೂಗೆ ಒಂದು ಡಾಲರ್; ನಿಮ್ಮ 10 ಲಕ್ಷ ವ್ಯೂಗೆ 1,000 ಡಾಲರ್. ಮುಂದಿನ ತಿಂಗಳು ಒಟ್ಟು ವ್ಯೂ 200 ಕೋಟಿಗೆ ಏರಿತು, ನಿಮ್ಮದು 15 ಲಕ್ಷವಾಯಿತು. ಕೈಗೆ ಬರುವುದು 750 ಡಾಲರ್! ನೀವು ಬೆಳೆದಿರಿ, ಉಳಿದವರು ನಿಮಗಿಂತ ವೇಗವಾಗಿ ಬೆಳೆದರು, ಗಂಟು ಮಾತ್ರ ಅಷ್ಟೇ ಉಳಿಯಿತು.

2023ರ ಫೆಬ್ರವರಿ 1ರಿಂದ ಶಾರ್ಟ್ಸ್‌ನಲ್ಲೂ ಜಾಹೀರಾತು ಪಾಲು ಬಂದಿದೆ. ಆದರೆ ಇಲ್ಲಿ ಜಾಹೀರಾತು ಬರುವುದು ಎರಡು ವಿಡಿಯೋಗಳ ನಡುವೆ. ಅದು ಯಾವ ವಿಡಿಯೋದ ಸಂಪಾದನೆ ಎಂದು ಹೇಳಲಾಗದು. ಅದಕ್ಕೇ ಎಲ್ಲವನ್ನೂ ಒಟ್ಟುಗೂಡಿಸಿ, ದೇಶವಾರು ವ್ಯೂ ಪ್ರಮಾಣದಲ್ಲಿ ಹಂಚುತ್ತಾರೆ. ಒಂದು ದೇಶದಲ್ಲಿ 10 ಕೋಟಿ ವ್ಯೂಗೆ ಒಂದು ಲಕ್ಷ ಡಾಲರ್ ಬಂತೆನ್ನಿ. ಕಾಲು ಭಾಗ ವ್ಯೂಗಳು ಒಂದು ಹಾಡು ಬಳಸಿದ ವಿಡಿಯೋಗಳದ್ದು. ಆ ಭಾಗದ ಅರ್ಧ, ಅಂದರೆ 12,500, ಸಂಗೀತದ ಹಕ್ಕಿಗೆ ಹೋಗುತ್ತದೆ. ಉಳಿದ 87,500ರಲ್ಲಿ, 10 ಲಕ್ಷ ವ್ಯೂ ಇರುವ ನಿಮ್ಮ ಪಾಲು 1%, ಅಂದರೆ 875. ಅದರಲ್ಲಿ 45% ನಿಮಗೆ: ಸುಮಾರು 394 ಡಾಲರ್. ನೀವು ಹಾಡೇ ಬಳಸದಿದ್ದರೂ ಸಿಗುವುದು ಇಷ್ಟೇ. ಬೇರೆಯವರ ಹಾಡಿನ ಹೊರೆಯಲ್ಲಿ ನಿಮಗೂ ಪಾಲಿದೆ ಎಂಬುದನ್ನು ಹಲವರು ಗಮನಿಸಿರುವುದಿಲ್ಲ.

ಆದರೂ ಇದು ಹಳೆಯ ನಿಧಿಗಿಂತ ವಾಸಿ: ಜಾಹೀರಾತು ಹೆಚ್ಚಿದರೆ ಗಂಟೂ ದೊಡ್ಡದಾಗುತ್ತದೆ.

ಲೆಕ್ಕ ತಾಳೆಯಾಗದಿದ್ದರೆ ಎರಡು ಕಡೆ ನೋಡಿ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದ ಪ್ರತಿ ಸಲವೂ ವ್ಯೂ ಎಣಿಕೆಯಾಗುತ್ತದೆ, ಹಣ ಮಾತ್ರ ‘ಎಂಗೇಜ್ಡ್ ವ್ಯೂ’ ಮೇಲೆ, ಅಂದರೆ ನೋಡುಗರು ತಕ್ಷಣ ಮುಂದೆ ಸರಿಸದೆ ನೋಡಿದ ವ್ಯೂಗಳ ಮೇಲೆ. ಹಾಗಾಗಿ ಮೇಲೆ ಕಾಣುವ ದೊಡ್ಡ ಅಂಕಿಯಿಂದ ಆದಾಯವನ್ನು ಭಾಗಿಸಿದರೆ ದರ ಕುಸಿದಂತೆ ಕಾಣುತ್ತದೆ. ಇನ್ನೊಂದು, ಶಾರ್ಟ್ಸ್ ಆದಾಯದ ಪ್ರತ್ಯೇಕ ಒಪ್ಪಂದಕ್ಕೆ ಯೂಟ್ಯೂಬ್ ಸ್ಟುಡಿಯೋದಲ್ಲಿ ಒಪ್ಪಿಗೆ ಕೊಟ್ಟ ದಿನಾಂಕ. ಅದಕ್ಕೂ ಮೊದಲಿನ ವ್ಯೂಗಳಿಗೆ ಪಾಲು ಸಿಗುವುದಿಲ್ಲ.