ಮೂವತ್ತು ಇಂಚಿನ ಪನ್ನ

ವಿನ್ಯಾಸ ಪದವಿ ಮುಗಿಸಿ ನನ್ನ ಸ್ಟುಡಿಯೊಗೆ ಕಲಿಯಲು ಬಂದಿದ್ದ ಹುಡುಗಿಗೆ ಗುಳೇದಗುಡ್ಡದ ಖಣದಿಂದ ಕುರ್ತಾ ಮಾಡಿ ತನ್ನದೇ ಲೇಬಲ್ ಆರಂಭಿಸುವ ಆಸೆ. ಅವಳ ಚಿತ್ರಗಳು ಚೆನ್ನಾಗಿದ್ದವು. ನಮ್ಮ ಕಟಿಂಗ್ ಮಾಸ್ಟರ್ ಅವುಗಳತ್ತ ಕಣ್ಣೂ ಹಾಯಿಸದೆ ಕೇಳಿದರು: "ಪನ್ನ ಎಷ್ಟಿದೆ ತಂಗೀ?"

ಅವಳು ತಂದಿದ್ದ ಖಣದ ಅಗಲ 30 ಇಂಚು. ಕಾಲೇಜಿನಲ್ಲಿ ಕಲಿತ ಲೆಕ್ಕವೆಲ್ಲ 44 ಇಂಚಿನ ಬಟ್ಟೆಯದು. ಆ ಬಟ್ಟೆಯಲ್ಲಿ 27 ಇಂಚು ಅಗಲದ ಮುಂಭಾಗದ ಪಕ್ಕದಲ್ಲೇ 16 ಇಂಚಿನ ತೋಳೂ ಕೂರುತ್ತದೆ. ಹಿಂಭಾಗದ ಪಕ್ಕದಲ್ಲಿ ಇನ್ನೊಂದು ತೋಳು. ಎರಡೂ ಕಾಲು ಮೀಟರಿನಲ್ಲಿ ಕೆಲಸ ಮುಗಿಯುತ್ತದೆ. ಖಣದಲ್ಲಿ ಪಕ್ಕಕ್ಕೆ ಉಳಿಯುವುದು ಮೂರೇ ಇಂಚು. ತೋಳುಗಳನ್ನು ಒಂದರ ಕೆಳಗೊಂದು ಕತ್ತರಿಸಬೇಕು, ಬಟ್ಟೆ ಮೂರೂ ಕಾಲು ಮೀಟರಿಗೆ ಏರುತ್ತದೆ. ಅವಳು ಕೊಂಡಿದ್ದ ಖಣ ಮೀಟರಿಗೆ 400 ರೂಪಾಯಿ. ಬಟ್ಟೆಗೇ 1,300, ಹೊಲಿಗೆಗೆ 350, ಉಳಿದ ಖರ್ಚು 140: ಒಟ್ಟು 1,790. ಮಾರುವ ಬೆಲೆ 2,500 ಎಂದುಕೊಂಡಿದ್ದಳು, ಅಂಗಡಿಯವರು ಅದರಲ್ಲಿ ಶೇಕಡ 40 ಹಿಡಿದುಕೊಳ್ಳುತ್ತಾರೆ. ಕೈಗೆ ಬರುವುದು 1,500. ಒಂದೊಂದು ಕುರ್ತಾಕ್ಕೂ 290 ರೂಪಾಯಿ ನಷ್ಟ.

ಮಾಸ್ಟರ್ ಖಣವನ್ನು ಉದ್ದಕ್ಕೆ ಸರಿಯಾಗಿ ಎರಡು ಪಾಲು ಮಾಡಿ ಮಡಿಸಿ ತೋರಿಸಿದರು. ತಲಾ 15 ಇಂಚು: ಒಂದು ಪಾಲು ಎದೆಯ ನಡುವಿಗೆ, ಇನ್ನೊಂದು ಬೆನ್ನಿನ ನಡುವಿಗೆ. ಉದ್ದ 44 ಇಂಚು, ಅಂದರೆ ಸುಮಾರು 1.15 ಮೀಟರ್ ಸಾಕು. ಅಷ್ಟೇ ಉದ್ದದ, 44 ಇಂಚು ಪನ್ನದ ಸಾದಾ ಕೈಮಗ್ಗದ ಹತ್ತಿಬಟ್ಟೆಯಲ್ಲಿ ಏಳೇಳು ಇಂಚಿನ ನಾಲ್ಕು ಪಕ್ಕದ ಪಟ್ಟಿಗಳು, ಮಿಕ್ಕ 16 ಇಂಚಿನಲ್ಲಿ ಎರಡು ತೋಳುಗಳು. ಚೂರೂ ಪೋಲಿಲ್ಲ. ಸಾದಾ ಬಟ್ಟೆ ಮೀಟರಿಗೆ 180 ರೂಪಾಯಿ. ಹೊಲಿಗೆ ಜಾಸ್ತಿಯಾದದ್ದಕ್ಕೆ 50 ಸೇರಿಸಿದರೂ ಖರ್ಚು 1,207ಕ್ಕೆ ಇಳಿಯಿತು. ನನ್ನ ಕಣ್ಣಿಗಂತೂ ಉಡುಪು ಮೊದಲಿಗಿಂತ ಚೆನ್ನಾಗಿಯೇ ಕಂಡಿತು. ಮೈತುಂಬ ಖಣ ಕೊಂಚ ಗದ್ದಲವೇ.

ಆದರೆ ಮೊದಲ ಹನ್ನೆರಡು ಕುರ್ತಾಗಳು ಒಂದೇ ಒಗೆತಕ್ಕೆ ಜೋಡಣೆಯುದ್ದಕ್ಕೂ ಸುಕ್ಕುಗಟ್ಟಿದವು. ಸಾದಾ ಹತ್ತಿ ಕುಗ್ಗಿತ್ತು, ಖಣ ಅಷ್ಟು ಕುಗ್ಗಿರಲಿಲ್ಲ. ತಪ್ಪು ನನ್ನದು, ಪರೀಕ್ಷಿಸುವಂತೆ ನಾನು ಹೇಳಬೇಕಿತ್ತು. ಎರಡೂ ಬಟ್ಟೆಯ ಮೇಲೆ 50 ಸೆಂಟಿಮೀಟರ್ ಉದ್ದಕ್ಕೆ ದಾರದಿಂದ ಗುರುತು ಹಾಕಿ, ಒಗೆದು, ಒಣಗಿಸಿ ಅಳೆಯಬೇಕು. ನಮ್ಮ ಹತ್ತಿ 48ಕ್ಕೆ ಬಂದಿತ್ತು, ಅಂದರೆ ಶೇಕಡ 4. ಒಂದು ಕುರ್ತಾದ ಉದ್ದಕ್ಕೆ ಅದು ಒಂದೂ ಮುಕ್ಕಾಲು ಇಂಚಿನಷ್ಟು! ಜೊತೆಗೆ ಒದ್ದೆಯಾದ ಬಿಳಿ ಚಿಂದಿಯಿಂದ ಖಣವನ್ನು ಉಜ್ಜಿ ಬಣ್ಣ ಬಿಡುತ್ತದೆಯೇ ಎಂದೂ ನೋಡಬೇಕು.

ಈಗ ಅವಳು ಹತ್ತಿಯನ್ನು ಒಗೆದು ಒಣಗಿಸಿದ ಮೇಲೆಯೇ ಕತ್ತರಿಗೆ ಕೊಡುತ್ತಾಳೆ. ಒಗೆದ ಬಟ್ಟೆ ಅಗಲಕ್ಕೂ ಕುಗ್ಗುವುದರಿಂದ ಮಾಸ್ಟರ್ ತೋಳನ್ನು ಒಂದಿಂಚು ಕಿರಿದು ಮಾಡಿಕೊಂಡಿದ್ದಾರೆ.