ನಮ್ಮ ಮಳೆಗಾಲ ಮುಗಿದ ಮೇಲೆ ಚೆನ್ನೈಗೆ ಮಳೆಗಾಲ ಯಾಕೆ?

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಜುಲೈ, ಆಗಸ್ಟ್‌ನಲ್ಲಿ ನಾವು ಮಳೆಯಲ್ಲಿ ಮುಳುಗಿರುವಾಗ ಚೆನ್ನೈಯಲ್ಲಿರುವ ಮಗಳು ಬಿಸಿಲು, ಸೆಕೆ ಅನ್ನುತ್ತಾಳೆ. ನಮ್ಮಲ್ಲಿ ಮಳೆ ನಿಂತು ಹಣ್ಣು ಕೊಯ್ದು ಕಣಕ್ಕೆ ಹಾಕುವ ಹೊತ್ತಿಗೆ ಅಲ್ಲಿ ಮಳೆ ಶುರು. ಒಮ್ಮೊಮ್ಮೆ ಆ ಮಳೆ ಇಲ್ಲಿಗೂ ಬಂದು ಕಣದ ಕಾಫಿ ನೆನೆಸುತ್ತದೆ. ಒಂದೇ ದೇಶದ ಆ ಕಡೆ, ಈ ಕಡೆ ಇಷ್ಟು ಉಲ್ಟಾ ಯಾಕೆ?

ಉತ್ತರ: ಮೊದಲು ಆಗಸ್ಟ್ ನೋಡೋಣ. ಆ ತಿಂಗಳಲ್ಲಿ ಗಾಳಿ ಅರಬ್ಬೀ ಸಮುದ್ರದಿಂದ ನೀರು ಹೊತ್ತು ಪಶ್ಚಿಮದಿಂದ ಬರುತ್ತದೆ. ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಮೇಲೇರಿದಂತೆ ತಣ್ಣಗಾಗುತ್ತದೆ, ಹೊತ್ತ ನೀರನ್ನು ಅಲ್ಲೇ ಸುರಿಯುತ್ತದೆ. ಘಟ್ಟ ದಾಟಿ ಕೆಳಗಿಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ, ಅದರಲ್ಲಿ ಮೋಡ ಕಟ್ಟುವುದು ಕಷ್ಟ. ಇದನ್ನು ನೋಡಲು ಚೆನ್ನೈವರೆಗೆ ಹೋಗಬೇಕಿಲ್ಲ. ಕೊಟ್ಟಿಗೆಹಾರದಲ್ಲಿ ಜಡಿಮಳೆ ಹಿಡಿದ ದಿನವೇ ಚಿಕ್ಕಮಗಳೂರು ದಾಟಿ ಕಡೂರಿಗೆ ಹೋದರೆ ಛತ್ರಿ ಬಿಚ್ಚುವ ಕೆಲಸ ಇರುವುದಿಲ್ಲ. ಚೆನ್ನೈ ಇನ್ನೂ ಎಷ್ಟೋ ದೂರ.

ಆದರೆ ಬಂಗಾಳ ಕೊಲ್ಲಿ ಪಕ್ಕದಲ್ಲೇ ಇದೆಯಲ್ಲ, ಅಲ್ಲಿಂದ ನೀರು ಬರಬಾರದೇ ಅಂತ ನೀವು ಕೇಳಬಹುದು. ಮುಂಗಾರಿನಲ್ಲಿ ಕೊಲ್ಲಿಯ ಮೇಲೂ ಗಾಳಿ ನೈಋತ್ಯದಿಂದಲೇ ಬೀಸುತ್ತದೆ. ಅದು ತಮಿಳುನಾಡಿನ ಕರಾವಳಿಗೆ ಎದುರಾಗಿ ಬರುವುದಿಲ್ಲ. ಅದನ್ನು ಬಿಟ್ಟು ಬಂಗಾಳ, ಮ್ಯಾನ್ಮಾರ್ ಕಡೆಗೆ ಹೋಗುತ್ತದೆ. ಹಾಗಂತ ಚೆನ್ನೈ ಆಗಸ್ಟ್‌ನಲ್ಲಿ ಪೂರ್ತಿ ಒಣಗಿರುತ್ತದೆ ಅಂತಲ್ಲ. ಹಗಲೆಲ್ಲ ಕಾದ ನೆಲದ ಮೇಲೆ ಸಂಜೆ, ರಾತ್ರಿ ಗುಡುಗು ಮಳೆ ಬರುತ್ತದೆ. ಚೆನ್ನೈಗೆ ವರ್ಷಕ್ಕೆ ಸುಮಾರು 1,400 ಮಿ.ಮೀ. ಮಳೆ. ಅದರಲ್ಲಿ ಸುಮಾರು 850 ಮಿ.ಮೀ. ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ ಬೀಳುತ್ತದೆ. ಇನ್ನೂ ದಕ್ಷಿಣಕ್ಕೆ, ನಾಗಪಟ್ಟಣದಲ್ಲಿ, ಈ ಮೂರು ತಿಂಗಳ ಪಾಲು ವರ್ಷದ ಮಳೆಯ ಮೂರನೇ ಎರಡು ಭಾಗಕ್ಕೂ ಜಾಸ್ತಿ.

ಅಕ್ಟೋಬರ್‌ನಲ್ಲಿ ಏನು ಬದಲಾಗುತ್ತದೆ? ಸೂರ್ಯ ದಕ್ಷಿಣಕ್ಕೆ ಸರಿದಿರುತ್ತಾನೆ. ಉತ್ತರದ ನೆಲ ಬೇಗ ತಣ್ಣಗಾಗುತ್ತದೆ, ಸಮುದ್ರ ಅಷ್ಟು ಬೇಗ ತಣ್ಣಗಾಗುವುದಿಲ್ಲ. ಜುಲೈನಲ್ಲಿ ರಾಜಸ್ಥಾನದಿಂದ ಗಂಗಾ ಬಯಲಿನ ಉದ್ದಕ್ಕೂ ಕಡಿಮೆ ಒತ್ತಡದ ಒಂದು ಪಟ್ಟಿ ಇರುತ್ತದೆ. ಗಾಳಿಯನ್ನು ನಮ್ಮ ಘಟ್ಟದ ಮೇಲಿಂದ ಎಳೆಯುತ್ತಿದ್ದುದು ಅದೇ. ಅಕ್ಟೋಬರ್ ಹೊತ್ತಿಗೆ ಆ ಪಟ್ಟಿ ಕೆಳಗೆ ಸರಿದು ದಕ್ಷಿಣ ಬಂಗಾಳ ಕೊಲ್ಲಿಗೆ ಬರುತ್ತದೆ. ಅದರ ಉತ್ತರಕ್ಕೆ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ತಮಿಳುನಾಡಿನಲ್ಲಿ ಹಿಂಗಾರು ಶುರುವಾಗಲು ಹವಾಮಾನ ಇಲಾಖೆ ಇಟ್ಟುಕೊಂಡಿರುವ ಸಾಮಾನ್ಯ ದಿನ ಅಕ್ಟೋಬರ್ 20.

ಈ ಈಶಾನ್ಯದ ಗಾಳಿ ಹುಟ್ಟಿನಿಂದ ಒಣ ಗಾಳಿ. ನೆಲದ ಮೇಲಿಂದ ಬಂದದ್ದು. ಒಡಿಶಾದ ಕರಾವಳಿಗೆ ಅದು ಒಣಗಿಯೇ ತಲುಪುತ್ತದೆ, ಯಾಕೆಂದರೆ ಅಲ್ಲಿ ಅದು ನೆಲದಿಂದ ಸಮುದ್ರಕ್ಕೆ ಹೋಗುತ್ತಿರುತ್ತದೆ. ಚೆನ್ನೈ, ಕಡಲೂರು, ನಾಗಪಟ್ಟಣಕ್ಕೆ ಬರುವ ಗಾಳಿ ಮಾತ್ರ ನೂರಾರು ಕಿಲೋಮೀಟರ್ ಬೆಚ್ಚಗಿನ ಕೊಲ್ಲಿಯ ಮೇಲೆ ಸಾಗಿ ನೀರು ಕುಡಿದುಕೊಂಡು ಬರುತ್ತದೆ. ಕರಾವಳಿ ಪೂರ್ವಕ್ಕೆ ಮುಖ ಮಾಡಿರುವುದರಿಂದ ಅದು ನೇರ ಎದುರಿಗೇ ಬಂದು ತಾಗುತ್ತದೆ.

ಪಠ್ಯಪುಸ್ತಕದ ಉತ್ತರ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ನನಗೆ ಅದು ಅರ್ಧ ಉತ್ತರ ಅನ್ನಿಸುತ್ತದೆ. ಜನವರಿಯಲ್ಲೂ ಗಾಳಿ ಈಶಾನ್ಯದಿಂದಲೇ ಬೀಸುತ್ತದೆ, ಅದೇ ಕೊಲ್ಲಿಯನ್ನೇ ದಾಟಿ ಬರುತ್ತದೆ. ಆದರೂ ಪೊಂಗಲ್ ಹೊತ್ತಿಗೆ ಚೆನ್ನೈಯಲ್ಲಿ ಒಳ್ಳೆ ಬಿಸಿಲು. ಅಂದಮೇಲೆ ಗಾಳಿಯ ದಿಕ್ಕೊಂದೇ ಸಾಲದು ಅಲ್ವಾ?

ನೀರು ತುಂಬಿದ ಗಾಳಿ ಸುಮ್ನೆ ತಗ್ಗಿನಲ್ಲಿ ಬೀಸಿಕೊಂಡು ಹೋದರೆ ಮಳೆಯಾಗುವುದಿಲ್ಲ. ಅದನ್ನು ಯಾರಾದರೂ ಮೇಲೆತ್ತಬೇಕು. ನಮ್ಮಲ್ಲಿ ಆ ಕೆಲಸಕ್ಕೆ ಘಟ್ಟ ಇದೆ. ಪೂರ್ವ ಕರಾವಳಿಯ ಬಯಲಿನಲ್ಲಿ ಅಂಥ ಗೋಡೆ ಇಲ್ಲ. ಅಲ್ಲಿ ಎತ್ತುವುದು ಆ ಕಡಿಮೆ ಒತ್ತಡದ ಪಟ್ಟಿ, ಅದರಲ್ಲಿ ಹುಟ್ಟುವ ವಾಯುಭಾರ ಕುಸಿತ, ಚಂಡಮಾರುತ. ಅಕ್ಟೋಬರ್, ನವೆಂಬರ್‌ನಲ್ಲಿ ಪಟ್ಟಿ ಕರಾವಳಿಯ ಹತ್ತಿರ ಇರುತ್ತದೆ, ಸಮುದ್ರವೂ ಬೆಚ್ಚಗಿರುತ್ತದೆ. ಜನವರಿಗೆ ಪಟ್ಟಿ ಸಮಭಾಜಕ ವೃತ್ತದ ಕಡೆಗೆ ಇಳಿದಿರುತ್ತದೆ, ಸಮುದ್ರ ಸ್ವಲ್ಪ ತಣ್ಣಗಾಗಿರುತ್ತದೆ, ಮೇಲಿನ ಗಾಳಿ ಕೆಳಗೆ ಅದುಮುತ್ತಿರುತ್ತದೆ. ಹಾಗಾಗಿ ಇದನ್ನು ಚಳಿಗಾಲದ ಮಳೆ ಅನ್ನುವುದಕ್ಕಿಂತ ಚಳಿಗಾಲ ಪೂರ್ತಿ ಬರುವ ಮೊದಲಿನ ಮಳೆ ಅನ್ನುವುದು ಸರಿ.

ಅಲ್ಲಿನ ಮಳೆ ನಮ್ಮ ಆಷಾಢದ ಮಳೆಯ ಹಾಗೆ ದಿನಗಟ್ಟಲೆ ಒಂದೇ ಸಮ ಸುರಿಯದೆ ಕಂತು ಕಂತಾಗಿ ಬರುವುದು ಇದಕ್ಕೇ. ನಾಲ್ಕು ದಿನ ಜೋರು, ಆಮೇಲೆ ವಾರ ಬಿಸಿಲು. ಒಂದು ವರ್ಷ ಕುಸಿತಗಳು ಸಾಲಾಗಿ ಬಂದರೆ ಪ್ರವಾಹ, ಇನ್ನೊಂದು ವರ್ಷ ಬಾರದಿದ್ದರೆ ಬರ. 2015ರ ಡಿಸೆಂಬರ್ 1ರ ಆಸುಪಾಸಿನ ಒಂದೇ ದಿನದಲ್ಲಿ ಚೆನ್ನೈ ಪಕ್ಕದ ತಾಂಬರಂನಲ್ಲಿ ಸುಮಾರು 49 ಸೆಂ.ಮೀ. ಮಳೆ ಬಿತ್ತು. ಮರುವರ್ಷ, 2016ರಲ್ಲಿ, ತಮಿಳುನಾಡಿನ ಹಿಂಗಾರು ಸಾಮಾನ್ಯದ ಅರ್ಧಕ್ಕೂ ಕಡಿಮೆ ಆಯಿತು.

ಈಗ ನಿಮ್ಮ ಕಣದ ವಿಷಯಕ್ಕೆ ಬರೋಣ. 2024ರ ಫೆಂಗಲ್ ಚಂಡಮಾರುತ ನೆನಪಿರಬೇಕು. ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ನೆಲ ಹೊಕ್ಕಿತು. ಅದರ ಗಾಳಿ ಅಂಥ ಭಯಂಕರವೇನೂ ಆಗಿರಲಿಲ್ಲ. ತೊಂದರೆ ಆದದ್ದು ಅದು ಮುಂದೆ ಸರಿಯದೆ ಗಂಟೆಗಟ್ಟಲೆ ಅಲ್ಲೇ ನಿಂತದ್ದರಿಂದ. ನೆಲದ ಮೇಲೆ ಬಂದಮೇಲೂ ಕೊಲ್ಲಿಯಿಂದ ನೀರು ಎಳೆಯುತ್ತಲೇ ಇತ್ತು. ಪುದುಚೇರಿಯಲ್ಲಿ ಒಂದು ದಿನಕ್ಕೆ ಸುಮಾರು 48 ಸೆಂ.ಮೀ. ಮಳೆ. ಆಮೇಲೆ ಬಲ ಕಳೆದುಕೊಂಡು ನಿಧಾನವಾಗಿ ಪಶ್ಚಿಮಕ್ಕೆ ಹೊರಟಿತು. ಕರಾವಳಿಯಿಂದ ಎಷ್ಟೋ ಒಳಗೆ, ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲೂ ಸುಮಾರು 50 ಸೆಂ.ಮೀ. ಸುರಿಯಿತು. ಡಿಸೆಂಬರ್ 3ರ ಹೊತ್ತಿಗೆ ಅದರ ಉಳಿಕೆ ಪರ್ಯಾಯ ದ್ವೀಪವನ್ನೇ ದಾಟಿ ಅರಬ್ಬೀ ಸಮುದ್ರಕ್ಕೆ ಇಳಿಯಿತು. ಹೀಗೆ ದಾಟುವಾಗ ಕರ್ನಾಟಕದ ದಕ್ಷಿಣ ಭಾಗಕ್ಕೂ ಮೋಡ, ಮಳೆ ಬಂತು. ಅರೇಬಿಕಾ ಕೊಯ್ಲು ಆಗ ನಡೆಯುತ್ತಲೇ ಇರುತ್ತದೆ.

ಇದಕ್ಕೆ ಹಿಂದಿನ ವರ್ಷ, 2023ರ ಡಿಸೆಂಬರ್ ಮೊದಲ ವಾರದ ಮಿಚಾಂಗ್ ಬೇರೆಯೇ ದಾರಿ ಹಿಡಿಯಿತು. ಚೆನ್ನೈಯನ್ನು ಮುಳುಗಿಸಿತು, ಆದರೆ ಪಶ್ಚಿಮಕ್ಕೆ ಬರಲಿಲ್ಲ. ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಹೋಗಿ ಆಂಧ್ರದ ಬಾಪಟ್ಲ ಹತ್ತಿರ ನೆಲ ಹೊಕ್ಕಿತು. ಚಂಡಮಾರುತದ ಸುತ್ತ ಗಾಳಿ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗುತ್ತದೆ. ಅದು ಹೀಗೆ ಉತ್ತರಕ್ಕೆ ಹೊರಟಾಗ ಅದರ ಪಶ್ಚಿಮಕ್ಕಿರುವ ನಮಗೆ ಉತ್ತರದ ಒಣ ನೆಲದ ಗಾಳಿ ಸಿಗುವುದೇ ಜಾಸ್ತಿ.

ಆದ್ದರಿಂದ ಟಿವಿಯಲ್ಲಿ 'ಕೊಲ್ಲಿಯಲ್ಲಿ ವಾಯುಭಾರ ಕುಸಿತ' ಅಂದ ಕೂಡಲೇ ಟಾರ್ಪಾಲಿಗೆ ಓಡಬೇಡಿ. ಅದರ ಗಾಳಿಯ ವೇಗಕ್ಕಿಂತ ದಾರಿ ನೋಡಿ. ನಾಗಪಟ್ಟಣ ಮತ್ತು ಚೆನ್ನೈ ನಡುವೆ ನೆಲ ಹೊಕ್ಕು ಪಶ್ಚಿಮಕ್ಕೆ ಬರುತ್ತದೆ ಅಂತ ನಕ್ಷೆ ತೋರಿಸಿದರೆ, ಅದು ಬರೀ ಕುಸಿತವಾಗಿ ಸೊರಗಿದ್ದರೂ ಕಣದಲ್ಲಿರುವುದನ್ನು ಗುಡ್ಡೆ ಹಾಕಿ ಮುಚ್ಚಿ, ಒಂದೆರಡು ದಿನ ಕೊಯ್ಲು ನಿಲ್ಲಿಸಿ. ನೆಲ್ಲೂರು, ಬಾಪಟ್ಲ ಕಡೆಗೆ ತಿರುಗಿದರೆ ಸಾಮಾನ್ಯವಾಗಿ ಕಾಫಿ ಹರಡಿಯೇ ಇರಬಹುದು. ಆದರೂ ಸಂಜೆ ಇಲಾಖೆಯ ಮುನ್ಸೂಚನೆ ಇನ್ನೊಮ್ಮೆ ನೋಡಿಕೊಳ್ಳಿ. ಕೊನೇ ದಿನ ದಾರಿ ಬದಲಿಸುವುದು ಇವುಗಳಿಗೆ ಹೊಸದಲ್ಲ.