ಪ್ರತಿ ದನಿಗೂ ಒಂದು ಅಕ್ಷರ ಬೇಕೆ?

ಬರವಣಿಗೆಯ ರೂಢಿಯಿಲ್ಲದ ಭಾಷೆಯೊಂದಕ್ಕೆ ಬರಹದ ವ್ಯವಸ್ಥೆ ರೂಪಿಸಿಕೊಡಿ ಎಂದು ಕೇಳಿಕೊಂಡು ಬರುವ ಸಮಿತಿಗಳವರು ಸಾಮಾನ್ಯವಾಗಿ ಒಂದು ಪಟ್ಟಿಯನ್ನು ಹಿಡಿದುಕೊಂಡೇ ಬರುತ್ತಾರೆ. ಕನ್ನಡದಲ್ಲಿ ಇಲ್ಲದ, ತಮ್ಮ ಭಾಷೆಯಲ್ಲಿ ಮಾತ್ರ ಇರುವ ದನಿಗಳ ಪಟ್ಟಿ ಅದು. ಅವುಗಳಲ್ಲಿ ಒಂದೊಂದಕ್ಕೂ ಹೊಸ ಅಕ್ಷರ ಬೇಕು ಎಂಬುದು ಮೊದಲ ಬೇಡಿಕೆ. ಒಂದು ಸಮಿತಿಯ ಕಾರ್ಯದರ್ಶಿಗಳಂತೂ, "ಕನ್ನಡಕ್ಕೆ ನಲವತ್ತೊಂಬತ್ತು ಅಕ್ಷರ ಇದೆಯಲ್ಲ ಸಾರ್, ನಮ್ಮದು ಅದಕ್ಕಿಂತ ಕಡಿಮೆ ಆದರೆ ಜನ ಏನಂದುಕೊಳ್ಳುತ್ತಾರೆ?" ಎಂದು ನಿಜವಾದ ಆತಂಕದಿಂದಲೇ ಕೇಳಿದ್ದರು. ಆ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನಿಮ್ಮದು ಭಾಷೆಯಲ್ಲ, ಬರೀ ಮಾತು ಎಂದು ತಲೆಮಾರುಗಳಿಂದ ಅನ್ನಿಸಿಕೊಂಡವರು ಅಕ್ಷರಗಳನ್ನು ಎಣಿಸುವುದು ಸಹಜ. ಆದರೆ ಅವರ ಪಟ್ಟಿ ತಪ್ಪು ಪ್ರಶ್ನೆಯೊಂದಕ್ಕೆ ಬರೆದ ಉತ್ತರವಾಗಿರುತ್ತದೆ. ಒಂದು ದನಿ ಕಿವಿಗೆ ಬೇರೆಯಾಗಿ ಕೇಳಿಸುತ್ತದೆಯೇ ಎಂಬುದರಿಂದ ಅಕ್ಷರ ಬೇಕೋ ಬೇಡವೋ ಎಂದು ತೀರ್ಮಾನಿಸಲಾಗದು. ಆ ಭಾಷೆಯನ್ನು ಬಲ್ಲವರು ಓದುವಾಗ ಎಲ್ಲಿ ತಡವರಿಸುತ್ತಾರೆ ಎಂಬುದನ್ನು ನೋಡಬೇಕು. ಈ ಒಂದು ಮಾತನ್ನು ನಾನು ಎಷ್ಟು ಬಾರಿ ಹೇಳಿದರೂ ಮುಂದಿನ ಸಭೆಯಲ್ಲಿ ಅದೇ ಪಟ್ಟಿ ಮತ್ತೆ ಮೇಜಿನ ಮೇಲೆ ಬರುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಮೊದಲಿಗೆ ಕೊಡವ ಭಾಷೆಯನ್ನು ನೋಡೋಣ. ಅದರಲ್ಲಿ ಕನ್ನಡಕ್ಕಿಲ್ಲದ ಎರಡು ಸ್ವರಗಳಿವೆ, ಅವುಗಳಿಗೆ ಹ್ರಸ್ವ ದೀರ್ಘಗಳೂ ಇವೆ. ಇಕಾರ ಎಕಾರಗಳನ್ನು ನಾಲಿಗೆಯನ್ನು ಹಿಂದಕ್ಕೆ ಸರಿಸಿ, ತುಟಿಯನ್ನು ದುಂಡಗೆ ಮಾಡದೆ ಉಚ್ಚರಿಸಿದಂತೆ ಅವು ಕೇಳಿಸುತ್ತವೆ. ಕೊಡವರು 'ಕೇಳ್' ಎನ್ನುವಾಗ ಬರುವ ಸ್ವರ ಕನ್ನಡದ ಏಕಾರವಲ್ಲ, ಈ ಹಿಂದೆ ಸರಿದ ಏಕಾರ. ಇವು ಬೇರೆ ಧ್ವನಿಮಾಗಳೇ, ಅಂದರೆ ಶಬ್ದಗಳ ಅರ್ಥವನ್ನು ಬೇರೆ ಮಾಡಬಲ್ಲ ದನಿಗಳೇ, ಸಂಶಯವಿಲ್ಲ. ಹಾಗಿದ್ದರೂ ಶಬ್ದದ ನಡುವೆ ಬರುವ ಈ ಸ್ವರಗಳಿಗೆ ಪ್ರತ್ಯೇಕ ಚಿಹ್ನೆ ಇರಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಅವು ಹುಟ್ಟಿಕೊಂಡದ್ದು ಟ, ಡ, ಣ, ಳ ಮುಂತಾದ ಮೂರ್ಧನ್ಯ ವ್ಯಂಜನಗಳ ಹಿಂದೆ. ತುಟಿಯ ವ್ಯಂಜನದ ಬಳಿಕ ಇದೇ ಸನ್ನಿವೇಶದಲ್ಲಿ ಬೇರೆ ಬದಲಾವಣೆ ನಡೆದು ಹೆಣ್ಣು ಎಂಬರ್ಥದ ಶಬ್ದ 'ಪೊಣ್ಣ್' ಆಯಿತು, ಹಿಡಿ ಎಂಬರ್ಥದ ಧಾತು 'ಪುಡಿ' ಆಯಿತು. ಹೊರಗಿನಿಂದ ಬಂದ ಶಬ್ದಗಳಿಂದಾಗಿ ಈ ನಿಯಮಕ್ಕೆ ಅಪವಾದಗಳು ಸೇರಿಕೊಂಡಿವೆ, ಅದನ್ನು ಮರೆಯಬಾರದು. ಆದರೂ ಮಾತೃಭಾಷಿಕರೊಬ್ಬರು 'ಕೇಳ್' ಎಂಬ ಅಕ್ಷರಗಳನ್ನು ಕಂಡೊಡನೆ ಮುಂದಿರುವ ಳಕಾರದ ಆಧಾರದ ಮೇಲೆ ಸರಿಯಾದ ಸ್ವರವನ್ನೇ ಉಚ್ಚರಿಸುತ್ತಾರೆ. ಅಲ್ಲಿ ಚಿಹ್ನೆ ಹಾಕಿದರೆ ಪ್ರಯೋಜನವಾಗುವುದು ಭಾಷೆ ಬಾರದವರಿಗೆ, ಅಂದರೆ ನನ್ನಂಥವರಿಗೆ. ನಮ್ಮ ಅನುಕೂಲಕ್ಕಾಗಿ ಊರಿನ ಮಕ್ಕಳ ಮೇಲೆ ಹೊಸ ಗುಣಿತಗಳ ಹೊರೆ ಹೊರಿಸುವುದು ನ್ಯಾಯವಲ್ಲ.

ಇದಕ್ಕಿಂತ ತೊಡಕಿನ ಉದಾಹರಣೆ ತುಳುವಿನದು. ತುಳು ಹಿಂದೆ ಬರಹವನ್ನೇ ಕಾಣದ ಭಾಷೆಯಲ್ಲ, ತಿಗಳಾರಿ ಅಕ್ಷರಗಳಲ್ಲಿ ಬರೆದ ಹಳೆಯ ಕಾವ್ಯಗಳು ಅದಕ್ಕಿವೆ. ಆದರೆ ಸಾಮಾನ್ಯ ಜನರ ತುಳುವನ್ನು ಕನ್ನಡ ಅಕ್ಷರಗಳಲ್ಲಿ ಹೇಗೆ ಬರೆಯಬೇಕು ಎಂಬ ಪ್ರಶ್ನೆ ಹತ್ತೊಂಬತ್ತನೆಯ ಶತಮಾನದ ಮಂಗಳೂರಿನಲ್ಲಿ ಹೊಸದಾಗಿಯೇ ಎದುರಾಯಿತು. 1872ರಲ್ಲಿ ವ್ಯಾಕರಣ ಬರೆದ ಬ್ರಿಗೆಲ್ ಮತ್ತು 1886ರಲ್ಲಿ ನಿಘಂಟು ತಂದ ಮ್ಯಾನರ್ ಎಂಬ ಬಾಸೆಲ್ ಮಿಶನ್ ಪಾದ್ರಿಗಳು ಅಂದು ಮಾಡಿಕೊಂಡ ಏರ್ಪಾಡಿನ ಫಲವನ್ನು ನಾವು ಇಂದಿಗೂ ನೋಡಬಹುದು. ಇಷ್ಟು ದೀರ್ಘ ಕಾಲ ನಡೆದ ಪ್ರಯೋಗ ಸಣ್ಣ ಭಾಷೆಗಳವರಿಗೆ ಬೇರೆಲ್ಲಿಯೂ ಇಷ್ಟು ಹತ್ತಿರದಲ್ಲಿ ಸಿಗಲಾರದು.

ತುಳುವಿನಲ್ಲಿ ಎಕಾರಗಳು ಎರಡು. ಒಂದು ಕನ್ನಡದ ಎಕಾರದಂತಹುದು, ಇನ್ನೊಂದು ಬಾಯಿಯನ್ನು ಹೆಚ್ಚು ತೆರೆದು ಹೇಳುವಂಥದು, 'ಬ್ಯಾಂಕ್' ಎನ್ನುವಾಗಿನ ಸ್ವರಕ್ಕೆ ಹತ್ತಿರವಾದರೂ ಹ್ರಸ್ವ. ಈ ಭೇದ ಕ್ರಿಯಾಪದದ ಕೊನೆಯಲ್ಲಿ ಬಂದು ಕುಳಿತಿದೆ. 'ಮಲ್ಪುವೆ' ಎಂಬುದನ್ನು ತೆರೆದ ಎಕಾರದಿಂದ ಹೇಳಿದರೆ 'ಮಾಡುತ್ತೇನೆ', ಸಾಮಾನ್ಯ ಎಕಾರದಿಂದ ಹೇಳಿದರೆ 'ಮಾಡುತ್ತಾನೆ'. ಎಲ್ಲ ಕಾಲಗಳಲ್ಲಿಯೂ ಉತ್ತಮ ಪುರುಷ ಏಕವಚನಕ್ಕೂ ಪ್ರಥಮ ಪುರುಷ ಪುಲ್ಲಿಂಗಕ್ಕೂ ಇರುವ ವ್ಯತ್ಯಾಸ ಇಷ್ಟೇ. ಕನ್ನಡ ಅಕ್ಷರಗಳಲ್ಲಿ ಬರೆದಾಗ ಎರಡೂ ಒಂದೇ. ಇದನ್ನು ಹೇಳಿದ ಕೂಡಲೇ ಸಭೆಯಲ್ಲಿ ಎಲ್ಲರೂ ಗೆದ್ದವರಂತೆ ನನ್ನ ಕಡೆ ನೋಡುತ್ತಾರೆ. ಇಲ್ಲಿ ಹೊಸ ಅಕ್ಷರ ಬೇಡವೆಂದು ಹೇಗೆ ಹೇಳುತ್ತೀರಿ?

ಹೊಸ ಚಿಹ್ನೆ ಬಂದೇ ಇತ್ತು ಎಂಬುದೇ ಇದಕ್ಕೆ ಉತ್ತರ. ಪಣಿಯಾಡಿಯವರು ತಮ್ಮ 1932ರ ತುಳು ವ್ಯಾಕರಣದಲ್ಲಿ ಈ ತೆರೆದ ಎಕಾರಕ್ಕೆ ಎರಡು ತಲಕಟ್ಟುಗಳ ಗುರುತನ್ನು ಬಳಸಿದರು. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ ಉಡುಪಿಯಲ್ಲಿ ಹೊರಬಂದ ಆರು ಸಂಪುಟಗಳ ತುಳು ನಿಘಂಟು ಅದನ್ನೇ ಮುಂದುವರಿಸಿತು. ನಿಘಂಟಿಗೆ ಅದು ಬೇಕು, ಏಕೆಂದರೆ ಅಲ್ಲಿ ಶಬ್ದ ಒಂಟಿಯಾಗಿ ನಿಂತಿರುತ್ತದೆ. ಆದರೆ ನಿತ್ಯದ ತುಳು ಬರಹದಲ್ಲಿ ಈ ಚಿಹ್ನೆ ನೆಲೆಯೂರಲಿಲ್ಲ. ತುಳುವರು ಉದಾಸೀನರು ಎಂದು ಇದಕ್ಕೆ ಕಾರಣ ಕೊಡುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ವಾಕ್ಯದಲ್ಲಿ 'ನಾನು' ಎಂಬರ್ಥದ 'ಯಾನ್' ಎಂದೋ 'ಅವನು' ಎಂಬರ್ಥದ 'ಆಯೆ' ಎಂದೋ ಇದ್ದರೆ ಕ್ರಿಯಾಪದ ಯಾರದೆಂಬುದು ಅಲ್ಲಿಗೇ ತಿಳಿಯುತ್ತದೆ. ಸರ್ವನಾಮ ಬಿಟ್ಟುಹೋದರೂ ಹಿಂದಿನ ವಾಕ್ಯ ಕೈಹಿಡಿಯುತ್ತದೆ. ಓದುಗರು ನಿಜವಾಗಿ ಸಿಕ್ಕಿಬೀಳುವುದು ಹಿಂದುಮುಂದಿಲ್ಲದ ತುಂಡು ಮಾತಿನಲ್ಲಿ. ಮೊಬೈಲಿನಲ್ಲಿ 'ಎಲ್ಲೆ ಬರ್ಪೆ' ಎಂದಷ್ಟೇ ಬಂದರೆ ನಾಳೆ ಬರುವವನು ಬರೆದವನೋ ಅವನ ತಮ್ಮನೋ ಎಂಬುದು ಅಕ್ಷರಗಳಿಂದ ತಿಳಿಯುವುದಿಲ್ಲ. ಅದಕ್ಕೆ ಮದ್ದು 'ಯಾನ್' ಎಂಬ ಒಂದು ಶಬ್ದವನ್ನು ಸೇರಿಸಿ ಬರೆಯುವುದು.

ಹಾಗಾದರೆ ಅಂತಹ ತುಂಡು ಮಾತುಗಳು ಎಷ್ಟಿರುತ್ತವೆ, ಓದು ನಿಜವಾಗಿ ಎಷ್ಟು ಕೆಡುತ್ತದೆ? ಇದನ್ನು ಊಹಿಸಬೇಕಿಲ್ಲ, ಪರೀಕ್ಷಿಸಬಹುದು. ಊರಿನವರೊಬ್ಬರು ಸಹಜವಾಗಿ ಹೇಳಿದ ಘಟನೆಯೊಂದನ್ನು ಧ್ವನಿಮುದ್ರಿಸಿ, ಸಂದೇಹವಿರುವ ಭೇದವನ್ನು ಗುರುತಿಸದೆ ಬರೆದುಕೊಳ್ಳಬೇಕು. ಆ ಕಥೆಯನ್ನು ಮೊದಲು ಕೇಳಿರದ, ಕನ್ನಡ ಓದಲು ಬರುವ ಇನ್ನೊಬ್ಬರಿಗೆ ಅದನ್ನು ಕೊಟ್ಟು ಗಟ್ಟಿಯಾಗಿ ಓದಿಸಬೇಕು. ಬರೆದವರ ಕೈಯಲ್ಲಿಯೇ ಓದಿಸುವುದು ಸಮಿತಿಗಳವರ ಅಚ್ಚುಮೆಚ್ಚಿನ ತಪ್ಪು. ಬರೆದವರು ನೆನಪಿನಿಂದ ಓದುತ್ತಾರೆ, ಎಂಥ ಕೆಟ್ಟ ಬರಹವೂ ಆ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಓದುಗರು ತಪ್ಪಾಗಿ ಓದಿದ ಸ್ಥಳಕ್ಕಿಂತಲೂ ಓದಿ ಮುಂದೆ ಹೋಗಿ, ನಿಂತು, ಹಿಂದಕ್ಕೆ ಬಂದು ಮತ್ತೆ ಓದಿದ ಸ್ಥಳಗಳು ಮುಖ್ಯ. ಒಮ್ಮೆ ಹೀಗೆ ಓದುತ್ತಿದ್ದ ಮಹಿಳೆಯೊಬ್ಬರು ನಾನು ಕಾದು ಕುಳಿತಿದ್ದ ಸ್ವರದ ಮೇಲೆಲ್ಲ ಸರಾಗವಾಗಿ ಸಾಗಿಹೋದರು. ಅವರು ಮತ್ತೆ ಮತ್ತೆ ನಿಂತದ್ದು ಎರಡು ಶಬ್ದಗಳನ್ನು ಕೂಡಿಸಿ ಬರೆದ ಕಡೆಗಳಲ್ಲಿ. "ಇದನ್ನು ಯಾಕೆ ಅಂಟಿಸಿದ್ದೀರಿ ಸಾರ್? ಬಿಡಿಸಿ ಬರೆಯಿರಿ" ಎಂದು ನನಗೇ ಪಾಠ ಹೇಳಿದರು. ಆ ಪ್ರಶ್ನೆ ಸಮಿತಿಯ ಪಟ್ಟಿಯಲ್ಲಿ ಇರಲೇ ಇಲ್ಲ.

ಹೆಚ್ಚು ಗುರುತು ಹಾಕಿದರೆ ನಷ್ಟವೇನು, ಬೇಡವಾದವರು ನೋಡದೆ ಬಿಡಲಿ ಎಂಬ ವಾದವೂ ಇದೆ. ಗುರುತುಗಳು ಪುಕ್ಕಟೆ ಬರುವುದಿಲ್ಲ. ಕ್ಯಾಮರೂನ್ ದೇಶದ ಡ್ಶಾಂಗ್ ಭಾಷೆಯಲ್ಲಿ ಪ್ರತಿ ಅಕ್ಷರದ ಮೇಲೂ ಸ್ವರದ ಏರಿಳಿತವನ್ನು ಗುರುತಿಸುವ ಪದ್ಧತಿಯನ್ನು ಸ್ಟೀವನ್ ಬರ್ಡ್ ಎಂಬ ಭಾಷಾವಿಜ್ಞಾನಿ ಪರೀಕ್ಷಿಸಿ, 1999ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪೂರ್ತಿ ಗುರುತು ಹಾಕಿದ ಪಠ್ಯದಲ್ಲಿ ಓದಿನ ಸರಾಗತೆ ಕುಗ್ಗಿತ್ತು, ಏರಿಳಿತದಿಂದ ಮಾತ್ರ ಬೇರೆಯಾಗುವ ಶಬ್ದಗಳನ್ನು ಗುರುತಿಸಲೂ ಅದರಿಂದ ಸಹಾಯವಾಗಿರಲಿಲ್ಲ. ಎಲ್ಲ ಭಾಷೆಗಳಲ್ಲಿಯೂ ಹೀಗೆಯೇ ಆಗುತ್ತದೆಂದು ಹೇಳಲು ನಾನು ಸಿದ್ಧನಿಲ್ಲ. ಏರಿಳಿತದ ಮೇಲೆಯೇ ಹೆಚ್ಚು ಭಾರ ಬಿದ್ದಿರುವ ಭಾಷೆಗಳಲ್ಲಿ ಗುರುತು ಬೇಕಾಗಬಹುದು. ಹೆಚ್ಚು ಬರೆದಷ್ಟೂ ಓದು ಸುಲಭವಾಗುತ್ತದೆ ಎಂಬ ನಂಬಿಕೆಯನ್ನಂತೂ ಇನ್ನು ಬಿಡಬೇಕು.

ಹಾಗೆಂದು ಕಡಿಮೆ ಮಾಡುವುದೇ ನಮ್ಮ ಧರ್ಮವಲ್ಲ. ಎಷ್ಟೋ ಸಣ್ಣ ದ್ರಾವಿಡ ಭಾಷೆಗಳ ಸ್ವಂತ ಶಬ್ದಗಳಲ್ಲಿ ಮಹಾಪ್ರಾಣಗಳಿಲ್ಲ. ಲೆಕ್ಕಾಚಾರದ ಪ್ರಕಾರ ಖ, ಘ, ಭ ಮುಂತಾದವನ್ನು ಕೈಬಿಡಬೇಕು. ಹಾಗೆ ಕೈಬಿಟ್ಟ ಕರಡನ್ನು ಒಂದು ಊರಿನಲ್ಲಿ ಓದಿದಾಗ ಹಿರಿಯರೊಬ್ಬರು ತಮ್ಮ ಮಗಳ ಹೆಸರು 'ಬಾಗ್ಯ' ಎಂದು ಮುದ್ರಿತವಾಗಿರುವುದನ್ನು ಕಂಡು, ತಮ್ಮನ್ನು ಓದುಬರಹ ಬಾರದವರೆಂದು ತೋರಿಸುವುದಕ್ಕೇ ಹೀಗೆ ಮಾಡಿದ್ದೀರಾ ಎಂದು ಕೇಳಿದರು. ಅಲ್ಲಿ ವಾದಕ್ಕೆ ಜಾಗವಿಲ್ಲ. ಆ ಮಗು ನಾಳೆ ಶಾಲೆಯ ಹಾಜರಿ ಪುಸ್ತಕದಲ್ಲಿ ಭಕಾರವನ್ನೇ ಕಾಣುತ್ತದೆ. ಹೆಸರುಗಳಲ್ಲಿಯೂ ಕನ್ನಡದಿಂದ ಬಂದ ಶಬ್ದಗಳಲ್ಲಿಯೂ ಕನ್ನಡದ ಕಾಗುಣಿತವನ್ನೇ ಉಳಿಸಿಕೊಳ್ಳಿ ಎಂದು ನಾನು ಈಗ ಮೊದಲೇ ಹೇಳುತ್ತೇನೆ. ದನಿಯ ಲೆಕ್ಕದಲ್ಲಿ ಅನಗತ್ಯವಾದ ಅಕ್ಷರಗಳು ಜನರ ಲೆಕ್ಕದಲ್ಲಿ ಅಗತ್ಯವಾಗಿರಬಹುದು.

ಇಷ್ಟೆಲ್ಲ ಚರ್ಚೆ ದನಿಗಳ ಮೇಲೆ ನಡೆಯುತ್ತಿರುವಾಗ ನಿಜವಾದ ತೊಡಕು ಹೆಚ್ಚಾಗಿ ಕಣ್ಣು ತಪ್ಪಿಸಿಕೊಳ್ಳುತ್ತದೆ. ತುಳು, ಕೊಡವ ಎರಡರಲ್ಲಿಯೂ ಶಬ್ದದ ಕೊನೆಗೆ ತುಟಿ ದುಂಡಗಾಗದ ಒಂದು ಕಿರು ಉಕಾರ ಬರುತ್ತದೆ. ಬ್ರಿಗೆಲ್ ಮತ್ತು ಮ್ಯಾನರ್ ಅದಕ್ಕೆ ಹೊಸ ಅಕ್ಷರ ಮಾಡದೆ, ಕನ್ನಡದ ಹಲಂತದ ಗುರುತನ್ನೇ ಬಳಸಿದರು. ಕೊಡವರು 'ತಕ್ಕ್' ಎಂದು ಬರೆಯುವುದೂ ಹೀಗೆಯೇ. ಅಚ್ಚುಮೊಳೆಯ ಕಾಲಕ್ಕೆ ಇದು ಜಾಣತನದ ಪರಿಹಾರ, ಇಂದಿಗೂ ಜನ ಒಪ್ಪಿಕೊಂಡಿರುವುದು ಇದನ್ನೇ. ಮಲಯಾಳಂ ಹಳೆಯ ಬರಹದಲ್ಲಿದ್ದಂತೆ ಉಕಾರ ಮತ್ತು ಹಲಂತ ಎರಡನ್ನೂ ಒಟ್ಟಿಗೆ ಹಾಕಬಹುದಲ್ಲ ಎಂದು ಕೆಲವರು ಸೂಚಿಸುತ್ತಾರೆ. ಮಲಯಾಳಂ ಫಾಂಟುಗಳು ಆ ಜೋಡಣೆಗೆ ಸಿದ್ಧವಾಗಿವೆ. ಕನ್ನಡದ ಫಾಂಟುಗಳಲ್ಲಿ ಕೊಂಬಿನ ಬಳಿಕ ಹಲಂತ ಒತ್ತಿದರೆ ಹಲವು ಕಡೆ ಚುಕ್ಕಿಗಳ ಒಂದು ವೃತ್ತ ಮೂಡಿ ನಿಲ್ಲುತ್ತದೆ.

ಹಲಂತದ ಕಷ್ಟ ಶಬ್ದದ ನಡುವೆ ಬಂದಾಗ ಶುರುವಾಗುತ್ತದೆ. ತುಳುವಿನ 'ಮಲ್ತ್‌ದ್', ಅಂದರೆ 'ಮಾಡಿ', ಎಂಬುದನ್ನು ಸಾಮಾನ್ಯವಾಗಿ ಟೈಪ್ ಮಾಡಿದರೆ ದಕಾರ ತಕಾರದ ಕೆಳಗೆ ಒತ್ತಾಗಿ ಜಾರಿ 'ಮಲ್ತ್ದ್' ಎಂದಾಗುತ್ತದೆ. ನಡುವೆ ಕಿರು ಉಕಾರವಿದೆ ಎಂಬ ಸುಳಿವೇ ಉಳಿಯುವುದಿಲ್ಲ. ಒತ್ತು ಆಗದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಸಂಕೇತವನ್ನು ನಡುವೆ ಇಡಬೇಕು. ಯೂನಿಕೋಡ್ ಸಂಖ್ಯೆಗಳೊಂದಿಗೆ ಅದರ ಕ್ರಮ ಹೀಗಿದೆ:

```
ತ      ್      (ಕಾಣದ ಸಂಕೇತ)   ದ
U+0CA4 U+0CCD U+200C          U+0CA6
```

ಈ ಮೂರನೆಯ ಸಂಕೇತದ ಕೀಲಿ ಎಷ್ಟೋ ಮೊಬೈಲ್ ಕೀಲಿಮಣೆಗಳಲ್ಲಿ ಕಾಣಸಿಗುವುದಿಲ್ಲ. ಹೀಗಾಗಿ ಒಬ್ಬರು ಅದನ್ನು ಹಾಕುತ್ತಾರೆ, ಇನ್ನೊಬ್ಬರು ಬಿಡುತ್ತಾರೆ, ಮತ್ತೊಬ್ಬರು ಬೇಸತ್ತು ನಡುವೆ ಜಾಗ ಬಿಟ್ಟು ಎರಡು ಶಬ್ದ ಮಾಡುತ್ತಾರೆ. ಕಂಪ್ಯೂಟರಿಗೆ ಈ ಮೂರೂ ಬೇರೆ ಬೇರೆ ಶಬ್ದಗಳು, ಒಂದನ್ನು ಹುಡುಕಿದರೆ ಉಳಿದೆರಡು ಸಿಗದೆ ಹೋಗುವ ಸಾಧ್ಯತೆಯೇ ಹೆಚ್ಚು. 2024ರಲ್ಲಿ ತುಳು-ತಿಗಳಾರಿ ಯೂನಿಕೋಡಿಗೆ ಸೇರಿದೆ. ಕನ್ನಡ ಅಕ್ಷರಗಳಲ್ಲಿ ಈಗಾಗಲೇ ಬರೆಯುತ್ತಿರುವವರ ಈ ತೊಡಕು ಅದರಿಂದ ತಾನಾಗಿ ತೀರುವುದಿಲ್ಲ.

ಆದ್ದರಿಂದ ಇಂತಹ ಸ್ವರವಿರುವ ಭಾಷೆಯವರು ಬಂದಾಗ ನಾನು ಅವರ ಪಟ್ಟಿಯನ್ನು ಬದಿಗಿರಿಸಿ, ಶಬ್ದದ ನಡುವೆ ಈ ಕಿರು ಉಕಾರ ಬರುವ ಹತ್ತಾರು ರೂಪಗಳನ್ನು ಅವರ ಮೊಬೈಲಿನಲ್ಲಿಯೇ ಬರೆಯಲು ಹೇಳುತ್ತೇನೆ. ಅವರವರು ತಮಗೆ ತೋಚಿದಂತೆ ಬರೆಯಲಿ, ಆಮೇಲೆ ಒಬ್ಬರ ಮೊಬೈಲನ್ನು ಇನ್ನೊಬ್ಬರು ಓದಲಿ. ನಡುವೆ ಪೂರ್ಣ ಉಕಾರವನ್ನೇ ಬರೆದು ಕೊನೆಯಲ್ಲಿ ಮಾತ್ರ ಹಲಂತ ಇಟ್ಟುಕೊಂಡರೆ ಅರ್ಥ ಕೆಡದೆ ನಡೆಯುತ್ತದೆಯೇ ಎಂಬುದು ಅಲ್ಲಿಯೇ ಬಹುಮಟ್ಟಿಗೆ ತಿಳಿಯುತ್ತದೆ. ನಡೆಯುವುದಾದರೆ ನನ್ನ ಶಿಫಾರಸು ಅದೇ. ನಡೆಯದಿದ್ದರೆ ಮೊದಲ ಪಾಠಪುಸ್ತಕ ಅಚ್ಚಿಗೆ ಹೋಗುವ ಮುನ್ನ, ಆ ಕಾಣದ ಸಂಕೇತಕ್ಕೆ ಕೀಲಿಯಿರುವ ಕೀಲಿಮಣೆಯೊಂದನ್ನು ಮಾಡಿಸಿ ಊರಿನ ಶಿಕ್ಷಕರ ಮೊಬೈಲುಗಳಿಗೆ ಹಾಕಿಕೊಡಬೇಕು.